‘ಒಂದು ಗೀರೂ ಇಲ್ಲ ಸರ್’

ವ್ಹೀಲ್ ಅಲೈನ್‌ಮೆಂಟ್ ಮಾಡುವ ಹುಡುಗ ಮೂರನೇ ಸಲ ಕಾರನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಪರದೆಯನ್ನೊಮ್ಮೆ, ಎಡ ಮುಂದಿನ ಟೈರನ್ನೊಮ್ಮೆ ನೋಡಿದ. ‘ಸರ್, ಟೋ ಕೂತ್ಕೊಳ್ಳುತ್ತೆ, ಕ್ಯಾಂಬರ್ ಕೂತ್ಕೊಳ್ತಿಲ್ಲ. ಈ ಗಾಡಿ ಎಲ್ಲೋ ಬಡಿದಿದೆ’ ಅಂದ. ತುಮಕೂರಿನಲ್ಲಿ ಪಿಯು ಕಾಲೇಜಿನ ಉಪನ್ಯಾಸಕನಾಗಿರುವ ನನ್ನ ಅಣ್ಣನ ಮಗ ಆ ಕಾರು ಕೊಂಡು ಅಷ್ಟೊತ್ತಿಗೆ ಎರಡು ತಿಂಗಳು. 2019ರ ಮಾರ್ಚ್‌ನಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರು, 2023ರ ಜೂನ್‌ನಲ್ಲಿ ಒಬ್ಬ ಸೆಕೆಂಡ್ ಹ್ಯಾಂಡ್ ಡೀಲರ್ ಹತ್ತಿರ 5,40,000 ರೂಪಾಯಿ ಕೊಟ್ಟು ತಂದದ್ದು. ಮೂರು ಸಾವಿರ ಕಿಲೋಮೀಟರ್ ಓಡುವುದರೊಳಗೆ ಎಡ ಟೈರಿನ ಒಳಅಂಚು ಬೋಳಾಗಿತ್ತು.

ಕ್ಯಾಂಬರ್ ಅಂದರೆ ಗಾಡಿಯನ್ನು ಎದುರಿಗೆ ನಿಂತು ನೋಡಿದಾಗ ಚಕ್ರ ಒಳಗೋ ಹೊರಗೋ ಎಷ್ಟು ವಾಲಿದೆ ಎಂಬುದರ ಲೆಕ್ಕ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದನ್ನು ತಿರುಗಿಸಿ ಸರಿಪಡಿಸಲು ಬೋಲ್ಟೇ ಇರುವುದಿಲ್ಲ, ಕಾರ್ಖಾನೆಯಲ್ಲಿ ಹೇಗೆ ಕೂತಿತೋ ಹಾಗೇ ಇರಬೇಕು. ಇವನ ಗಾಡಿಯಲ್ಲಿ ಬಲಗಡೆ ಅರ್ಧ ಡಿಗ್ರಿಯೂ ಇರಲಿಲ್ಲ, ಎಡಗಡೆ ಹತ್ತಿರಹತ್ತಿರ ಎರಡು ಡಿಗ್ರಿ ಇತ್ತು. ಎರಡೂ ಕಡೆ ಇಷ್ಟು ವ್ಯತ್ಯಾಸ ಬಂದರೆ ಏನೋ ಬಾಗಿದೆ ಎಂದೇ ಅರ್ಥ. ಆದರೆ ದೊಡ್ಡದೊಂದು ಗುಂಡಿಗೆ ಚಕ್ರ ಬಿದ್ದರೂ ಲೋವರ್ ಆರ್ಮ್ ಬಾಗುತ್ತದೆ. ಹಾಗಾಗಿ ಆ ಚೀಟಿಯೊಂದನ್ನೇ ಹಿಡಿದುಕೊಂಡು ಹೋದರೆ ಡೀಲರ್ ‘ನೀವೇ ಗುಂಡಿಗೆ ಬಿಟ್ಟಿದ್ದೀರಿ’ ಅನ್ನಬಹುದಿತ್ತು, ಮುಂದೆ ಅಂದೂ ಅಂದ.

ಗ್ರಾಹಕರ ದೂರುಗಳನ್ನು ಬರೆದುಕೊಡುವ ಕೆಲಸ ನಾನು ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಹುಡುಗ ಅಂಗಡಿಯಿಂದಲೇ ಫೋನ್ ಮಾಡಿದ. ‘ಚಿಕ್ಕಪ್ಪ, ಈಗಲೇ ಹೋಗಿ ಅವನ ಕೊರಳಪಟ್ಟಿ ಹಿಡೀತೀನಿ’ ಎಂದು ಕುದಿಯುತ್ತಿದ್ದ. ಎರಡು ಮಾತು ಹೇಳಿದೆ. ಒಂದು, ಆ ಅಲೈನ್‌ಮೆಂಟ್ ಪ್ರಿಂಟನ್ನು ದಿನಾಂಕ ಮತ್ತು ಕಿಲೋಮೀಟರ್ ಸಮೇತ ತಗೊ. ಎರಡು, ಏನನ್ನೂ ರಿಪೇರಿ ಮಾಡಿಸಬೇಡ, ಟೈರನ್ನೂ ಬಿಸಾಡಬೇಡ. ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿ ಮೊದಲು ರಿಪೇರಿ ಮಾಡಿಸಿ, ದುಡ್ಡು ಕಳೆದುಕೊಂಡು, ಆಮೇಲೆ ದೂರು ಕೊಡುವ ಯೋಚನೆ ಮಾಡುತ್ತಾರೆ. ಅಷ್ಟೊತ್ತಿಗೆ ಬಾಗಿದ ಭಾಗ ಗುಜರಿಗೆ ಹೋಗಿರುತ್ತದೆ, ತೋರಿಸಲು ಏನೂ ಉಳಿದಿರುವುದಿಲ್ಲ.

ಮುಂದಿನ ಭಾನುವಾರ ನಾನೇ ತುಮಕೂರಿಗೆ ಹೋದೆ. ನಮ್ಮೂರಿನ ಹಳೆಯ ಟಿಂಕರ್ ಒಬ್ಬರನ್ನು ಜೊತೆಗೆ ಕರೆದುಕೊಂಡಿದ್ದೆ. ಮೂವತ್ತು ವರ್ಷ ತಗಡು ಬಡಿದ ಕೈ ಅವರದು. ಅವರು ಬಣ್ಣ ನೋಡಲೇ ಇಲ್ಲ, ಬಾನೆಟ್ ಎತ್ತಿ ಬೋಲ್ಟ್‌ಗಳ ತಲೆ ನೋಡಿದರು. ಫೆಂಡರ್ ಮತ್ತು ಬಾನೆಟ್ಟಿನ ಕೀಲುಗಳನ್ನು ಹಿಡಿದಿರುವ ಬೋಲ್ಟ್‌ಗಳಿಗೆ ಕಾರ್ಖಾನೆಯಲ್ಲೇ ಬಾಡಿಯ ಜೊತೆಗೆ ಬಣ್ಣ ಬಿದ್ದಿರುತ್ತದೆ. ಸ್ಪ್ಯಾನರ್ ಒಮ್ಮೆ ಹಾಕಿದರೆ ಮೂಲೆಗಳಲ್ಲಿ ಆ ಬಣ್ಣ ಕಿತ್ತುಬರುತ್ತದೆ. ಬಲಗಡೆಯ ಬೋಲ್ಟ್‌ಗಳು ಹುಟ್ಟಿದ ಹಾಗೇ ಇದ್ದವು, ಎಡಗಡೆಯ ನಾಲ್ಕರ ತಲೆಯಲ್ಲಿ ಬಿಳಿ ಲೋಹ ಕಾಣುತ್ತಿತ್ತು. ಬಳಿಕ ಅವರು ಬೆರಳನ್ನು ಏಪ್ರನ್ನಿನ ಅಂಚಿನಲ್ಲಿ ಆಡಿಸಿದರು. ಮುಂದಿನ ಚಕ್ರದ ಮೇಲ್ಗಡೆ, ಎಂಜಿನ್ ಕೋಣೆಯ ಪಕ್ಕದ ಗೋಡೆಯಂತಿರುವ ತಗಡೇ ಏಪ್ರನ್. ಸಸ್ಪೆನ್ಷನ್ನಿನ ಮೇಲ್ತುದಿ ಕೂರುವುದು ಅದರ ಮೇಲೆಯೇ. ಕಾರ್ಖಾನೆಯ ವೆಲ್ಡಿಂಗ್ ಅಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಬಿದ್ದ ದುಂಡು ಗುಳಿಗಳಂತೆ ಕಾಣುತ್ತದೆ. ಎಡಗಡೆ ಆ ಗುಳಿಗಳ ಸಾಲು ಒಂದು ಗೇಣು ದೂರ ಬಂದು ನಿಂತುಹೋಗಿತ್ತು. ಅಲ್ಲಿಂದ ಮುಂದೆ ತೇದು ನಯ ಮಾಡಿದ ವೆಲ್ಡಿಂಗ್, ಅದರ ಮೇಲೆ ಬ್ರಷ್ಷಿನಲ್ಲಿ ಬಳಿದ ಸೀಲೆಂಟ್. ‘ಇದನ್ನ ಎಳೆದು ಕೂರ್ಸಿದಾರೆ ಸ್ವಾಮಿ. ಒಳ್ಳೆ ಕೆಲಸಗಾರನೇ, ಆದ್ರೆ ಎಳೆದಿದ್ದು ಎಳೆದಿದ್ದೇ’ ಅಂದರು.

ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಈಗ ಕಾರು ಪರೀಕ್ಷೆ ಮಾಡುವವರೆಲ್ಲರ ಬಳಿ ಇರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನೂರರಿಂದ ನೂರೈವತ್ತು ಮೈಕ್ರಾನ್ ದಪ್ಪ ಇರುತ್ತದೆ, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಸುಮಾರು ಏಳನೇ ಒಂದು ಭಾಗದವರೆಗೆ. ಮತ್ತೊಮ್ಮೆ ಬಣ್ಣ ಹೊಡೆದರೆ ಇದು ಇನ್ನೂರು ದಾಟುತ್ತದೆ, ಪುಟ್ಟಿ ಮೆತ್ತಿದ್ದರೆ ಐನೂರು, ಸಾವಿರಕ್ಕೂ ಹೋಗುತ್ತದೆ. ಇವನ ಕಾರಿನ ಟಾಪ್ ಮೇಲೆ 115 ತೋರಿಸಿದ ಮೀಟರ್ ಎಡ ಪಿಲ್ಲರ್ ಬುಡದಲ್ಲಿ 620 ತೋರಿಸಿತು. ಬಂಪರಿಗೋ ಫೆಂಡರಿಗೋ ಬಣ್ಣ ಹೊಡೆಸಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೈಕಿನವನು ಗೀರಿ ಹೋದರೂ ಅದನ್ನು ಮಾಡಿಸಲೇಬೇಕಾಗುತ್ತದೆ, ಅವೆಲ್ಲ ಬಿಚ್ಚಿ ಹಾಕುವ ಭಾಗಗಳು. ಏಪ್ರನ್, ಪಿಲ್ಲರ್, ಕ್ರಾಸ್ ಮೆಂಬರ್ ಹಾಗಲ್ಲ, ಅವು ಗಾಡಿಯ ಮೂಳೆ. ಅಪಘಾತ ಬಚ್ಚಿಟ್ಟಿದ್ದಾರೆ ಎಂಬ ದೂರಿಗೆ ತೂಕ ಬರುವುದು ಮೂಳೆಗೆ ಪೆಟ್ಟು ಬಿದ್ದಿದ್ದರೆ ಮಾತ್ರ.

ಮುಂದಿನ ಗಾಜಿನ ಮೂಲೆಯಲ್ಲಿದ್ದ ಮುದ್ರೆಯಲ್ಲಿ ತಯಾರಾದ ವರ್ಷದ ಅಂಕಿ 2022 ಎಂದು ಹೇಳುತ್ತಿತ್ತು, ಉಳಿದ ಗಾಜುಗಳದೆಲ್ಲ 2019. ಕಲ್ಲು ಸಿಡಿದರೂ ಗಾಜು ಬದಲಾಗುತ್ತದೆ, ಅದೊಂದೇ ಆಗಿದ್ದರೆ ಏನೂ ಅಲ್ಲ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಿತು, ನನಗೆ ಜೀವ ಬಂದ ಹಾಗಾಯಿತು. ಆ ದೀಪ ಹೊತ್ತದೇ ಇದ್ದರೆ ಅದನ್ನು ಯಾರೋ ಕಿತ್ತಿದ್ದಾರೆ ಎಂದರ್ಥ, ಬ್ಯಾಗ್ ಒಮ್ಮೆ ಸಿಡಿದು ಅದರ ಜಾಗ ಖಾಲಿ ಇರಬಹುದು. ಅಂಥ ಕಾರಿನಲ್ಲಿ ಒಂದು ದಿನವೂ ಮಕ್ಕಳನ್ನು ಕೂರಿಸಬಾರದು.

ಗಾಡಿಯ ಪರೀಕ್ಷೆ ಮುಗಿಯಿತು, ಇನ್ನು ಕಾಗದ. ವಾಹನ್ ದಾಖಲೆಯಲ್ಲೋ ಆರ್‌ಟಿಒ ಕೊಡುವ ಬಿ-ಎಕ್ಸ್‌ಟ್ರ್ಯಾಕ್ಟ್‌ನಲ್ಲೋ ಅಪಘಾತದ ಸುದ್ದಿ ಸಿಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮಾಲೀಕರು ಎಷ್ಟು ಮಂದಿ, ಸಾಲ ಇದೆಯೇ ಎಂಬುದು ಅಲ್ಲಿರುತ್ತದೆ, ಏಪ್ರನ್ ಎಳೆದ ಕತೆ ಇರುವುದಿಲ್ಲ. ಆ ಕತೆ ಸಿಕ್ಕಿದ್ದು ಡೀಲರ್ ತಾನೇ ಕೊಟ್ಟ ಫೈಲಿನಲ್ಲಿದ್ದ ಹಳೆಯ ಇನ್ಶೂರೆನ್ಸ್ ಪಾಲಿಸಿಯಲ್ಲಿ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ಬಿಡುತ್ತಾರೆ, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ನೋ ಕ್ಲೇಮ್ ಬೋನಸ್ ಎನ್ನುವುದು ಇದನ್ನೇ. ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆ. 2019ರ ಮಾರ್ಚ್‌ನ ಗಾಡಿಗೆ ಒಬ್ಬರೇ ಮಾಲೀಕರು, ಯಾವ ಕ್ಲೇಮೂ ಇಲ್ಲ ಎಂದಾದರೆ 2023ರ ಮಾರ್ಚ್‌ನ ಪಾಲಿಸಿಯಲ್ಲಿ 45 ಇರಬೇಕಿತ್ತು. ಇದ್ದದ್ದು ಸೊನ್ನೆ. ಪಾಲಿಸಿ ಮುಗಿದು ತೊಂಬತ್ತು ದಿನ ದಾಟಿದರೂ ಬೋನಸ್ ಹೋಗುತ್ತದೆ, ಅದನ್ನೂ ನೋಡಿದೆವು. ನಡುವೆ ಒಂದು ದಿನದ ಅಂತರವೂ ಇರಲಿಲ್ಲ. ಅಂದರೆ 2022-23ರಲ್ಲಿ ಯಾರೋ ಕ್ಲೇಮ್ ಮಾಡಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವ ಯಾರೇ ಆದರೂ ಈ ಒಂದು ಅಂಕಿಯನ್ನು ಐದು ನಿಮಿಷದಲ್ಲಿ ನೋಡಬಹುದು. ನಮ್ಮ ಹುಡುಗ ನೋಡಿರಲಿಲ್ಲ, ಅದು ಅವನಿಗೆ ಬಹಳ ದಿನ ಕೊರೆಯಿತು.

ಕಂಪನಿಯ ಸರ್ವೀಸ್ ಸೆಂಟರಿಗೆ ಹೋದರೆ, ‘2022ರ ನವೆಂಬರ್‌ನಲ್ಲಿ ಬಾಡಿಶಾಪ್ ಎಂಟ್ರಿ ಇದೆ ಸರ್, ಆದರೆ ನಿಮ್ಮ ಕಾಲದ್ದಲ್ಲ, ಪ್ರಿಂಟ್ ಕೊಡೋಕಾಗಲ್ಲ’ ಎಂದರು. ಅವರ ಕಷ್ಟವೂ ಸರಿಯೇ, ಬಿಲ್ಲು ಬೇರೆಯವರ ಹೆಸರಿನಲ್ಲಿತ್ತು. ಹಳೆಯ ಮಾಲೀಕರ ಹೆಸರು ಪಾಲಿಸಿಯಲ್ಲೇ ಇತ್ತಲ್ಲ, ಹುಡುಕಿ ಫೋನ್ ಮಾಡಿದೆವು. ನಿವೃತ್ತ ಬ್ಯಾಂಕ್ ನೌಕರರು, ಸಜ್ಜನರು. ಹೆದ್ದಾರಿಯಲ್ಲಿ ಲಾರಿಯ ಹಿಂಬದಿಗೆ ಎಡ ಮೂಲೆ ತಾಗಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ‘ನಾನು ಡೀಲರಿಗೆ ಹೇಳಿಯೇ ಕೊಟ್ಟೆ. ಅದಕ್ಕೇ ಅಲ್ವಾ ಅವರು ರೇಟ್ ಇಳಿಸಿದ್ದು?’ ಎಂದರು. ಕೋರ್ಟು ಕಚೇರಿ ಎಂದರೆ ಅವರಿಗೆ ಅಳುಕು, ಆದರೂ ತಮ್ಮ ಹತ್ತಿರವಿದ್ದ ಬಾಡಿಶಾಪ್ ಬಿಲ್ಲಿನ ಫೋಟೊ ಕಳಿಸಿದರು. ಒಟ್ಟು 1,92,000 ರೂಪಾಯಿ. ಸಾಲುಗಳ ನಡುವೆ ಎಡ ಏಪ್ರನ್, ರೇಡಿಯೇಟರ್ ಸಪೋರ್ಟ್, ಮುಂದಿನ ಗಾಜು, ಎಲ್ಲವೂ ಇದ್ದವು. ಟಿಂಕರ್ ಬೆರಳಿಟ್ಟು ತೋರಿಸಿದ್ದಕ್ಕೂ ಬಿಲ್ಲಿಗೂ ಒಂದು ಸಾಲೂ ತಪ್ಪಲಿಲ್ಲ.

ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಇನ್ಶೂರೆನ್ಸ್‌ಗೆ ಹೋಗದೆ ರಸ್ತೆಬದಿಯ ಗ್ಯಾರೇಜಿನಲ್ಲಿ ನಗದು ಕೊಟ್ಟು ಮಾಡಿಸಿದ ಗಾಡಿಗೆ ಕಾಗದದ ಜಾಡೇ ಇರುವುದಿಲ್ಲ, ಅಲ್ಲಿ ತಜ್ಞರ ವರದಿಯ ಮೇಲೆಯೇ ನಿಲ್ಲಬೇಕು. ಜಾಡು ಇದ್ದು, ಕಾಗದ ಕೊಡುವವರು ಮಾತ್ರ ಒಪ್ಪದಿದ್ದರೆ ದಾರಿ ಇದೆ. ಗ್ರಾಹಕರ ಆಯೋಗಕ್ಕೆ ದಾಖಲೆ ತರಿಸಿಕೊಳ್ಳುವ ವಿಷಯದಲ್ಲಿ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಸರ್ವೀಸ್ ಸೆಂಟರೂ ಇನ್ಶೂರೆನ್ಸ್ ಕಂಪನಿಯೂ ಆ ಜಾಬ್ ಕಾರ್ಡು, ಸರ್ವೇಯರ್ ವರದಿ ಹಾಜರುಪಡಿಸಲಿ ಎಂದು ಅರ್ಜಿ ಹಾಕಿ ಕೇಳಬಹುದು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ, ಇಡೀ ದೂರು ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ. ಗಾಡಿ ಬಡಿದಿತ್ತು, ಸರಿ. ಡೀಲರ್ ಸುಮ್ಮನಿದ್ದನೋ, ಸುಳ್ಳು ಹೇಳಿದನೋ?

ಈ ಎರಡರ ಅಂತರವನ್ನು ನಮ್ಮ 1872ರ ಕರಾರು ಕಾಯ್ದೆಯ 17ನೇ ಕಲಮು ಒಂದು ಕುದುರೆಯ ಉದಾಹರಣೆ ಕೊಟ್ಟು ಹೇಳುತ್ತದೆ. ಒಬ್ಬ ತನ್ನ ಕುದುರೆಗೆ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಬರೀ ಮೌನ, ಅದು ವಂಚನೆಯಲ್ಲ. ಆದರೆ ಕೊಳ್ಳುವವನು, ‘ನೀನು ಅಲ್ಲ ಅನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ’ ಎಂದು ಹೇಳಿದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಕೇಳಿದವನಿಗೆ ಕಾನೂನು ಒಂದು ಹೆಜ್ಜೆ ಹೆಚ್ಚು ರಕ್ಷಣೆ ಕೊಡುತ್ತದೆ ಎಂದಾಯಿತು. ಅದೇ ಕಲಮು, ಗೊತ್ತಿರುವ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನು ನೇರವಾಗಿ ವಂಚನೆ ಎಂದೇ ಕರೆಯುತ್ತದೆ.

ನಮ್ಮ ಹುಡುಗ ಕೇಳಿದ್ದ. ಅಡ್ವಾನ್ಸ್ ಕೊಡುವ ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ, ‘ಸರ್, ಗಾಡಿ ಆಕ್ಸಿಡೆಂಟ್ ಏನಾದ್ರೂ ಆಗಿದೆಯಾ? ನಿಜ ಹೇಳಿ’ ಎಂದು ಬರೆದಿದ್ದ. ಉತ್ತರ: ‘100% ನಾನ್ ಆಕ್ಸಿಡೆಂಟ್ ಸರ್. ಒಂದು ಗೀರೂ ಇಲ್ಲ ಸರ್. ಕಣ್ಮುಚ್ಚಿ ತಗೊಳಿ.’ ಆ ಸಂದೇಶ ಬಂದ ನಂಬರೇ ಡೀಲರಿನ ಬಿಲ್ಲಿನ ತಲೆಬರಹದಲ್ಲಿ ಅಚ್ಚಾಗಿತ್ತು. ಹುಡುಗ ಫೋನ್ ಬದಲಾಯಿಸುವ ಯೋಚನೆಯಲ್ಲಿದ್ದ, ಬೇಡ ಎಂದೆ. ಸ್ಕ್ರೀನ್‌ಶಾಟ್ ಸಾಲುವುದಿಲ್ಲ, ಮೂಲ ಸಂದೇಶ ಅದು ಬಂದ ಫೋನಿನಲ್ಲೇ ಇರಬೇಕು. ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವಾಗ ಅದು ಇಂಥ ಸಾಧನದಿಂದ ತೆಗೆದದ್ದು ಎಂಬ ಪ್ರಮಾಣಪತ್ರವನ್ನೂ ಲಗತ್ತಿಸುವುದು ಕ್ಷೇಮ.

2023ರ ಸೆಪ್ಟೆಂಬರ್ ಮೊದಲ ವಾರ ಡೀಲರಿಗೆ ಪತ್ರ ಬರೆದೆವು. ಮೊದಲ ಕರಡು ಹುಡುಗನದೇ, ನಾಲ್ಕು ಪುಟ. ಮೋಸಗಾರ, ನಂಬಿಕೆದ್ರೋಹಿ, ಪೊಲೀಸು, ಟೀವಿ, ಎಲ್ಲ ಇತ್ತು. ಗಾಡಿಯ ಚಾಸಿ ನಂಬರ್ ಮಾತ್ರ ಇರಲಿಲ್ಲ. ಬೈಗುಳ ತೆಗೆದೆ, ತಾರೀಖು ಸೇರಿಸಿದೆ. ಕೊನೆಗೆ ಉಳಿದದ್ದು ಒಂದೂಕಾಲು ಪುಟ. ಅದರ ಮುಖ್ಯ ಭಾಗ ಹೀಗಿತ್ತು:

‘ಮೇಲೆ ವಿವರಿಸಿದ ವಾಹನವನ್ನು ನಾನು ದಿನಾಂಕ 14.6.2023ರಂದು ನಿಮ್ಮಿಂದ ರೂ. 5,40,000ಕ್ಕೆ ಖರೀದಿಸಿರುತ್ತೇನೆ. ಖರೀದಿಗೆ ಮುನ್ನ ವಾಹನಕ್ಕೆ ಅಪಘಾತವಾಗಿದೆಯೇ ಎಂದು ನಾನು ಲಿಖಿತವಾಗಿ ಕೇಳಿದ್ದು, ಆಗಿಲ್ಲವೆಂದು ನೀವು ಲಿಖಿತವಾಗಿ ಉತ್ತರಿಸಿದ್ದೀರಿ (ಪ್ರತಿ 1). 2022ರ ನವೆಂಬರ್‌ನಲ್ಲಿ ವಾಹನದ ಎಡ ಮುಂಭಾಗಕ್ಕೆ ಅಪಘಾತವಾಗಿ ಏಪ್ರನ್ ಸಹಿತ ರೂ. 1,92,000 ವೆಚ್ಚದ ದುರಸ್ತಿ ನಡೆದಿರುವುದು ಬಿಲ್ಲಿನಿಂದ ತಿಳಿದುಬಂದಿದೆ (ಪ್ರತಿ 2). ನೀವೇ ನನಗೆ ನೀಡಿದ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆಯಿದೆ (ಪ್ರತಿ 3). ಈ ಸಂಗತಿ ತಿಳಿದಿದ್ದರೆ ನಾನು ಈ ವಾಹನವನ್ನು ಈ ಬೆಲೆಗೆ ಕೊಳ್ಳುತ್ತಿರಲಿಲ್ಲ. ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ವಾಹನವನ್ನು ಹಿಂಪಡೆದು ಪೂರ್ಣ ಬೆಲೆ ಮರಳಿಸಬೇಕು. ಅದು ಸಾಧ್ಯವಿಲ್ಲವಾದರೆ ಬೆಲೆಯ ವ್ಯತ್ಯಾಸ ರೂ. 1,45,000 ಪಾವತಿಸಬೇಕು. ವಾಹನವನ್ನು ಇಂದಿನಿಂದ ಬಳಸದೆ ನಿಲ್ಲಿಸಿದ್ದೇನೆ. ಓಡೋಮೀಟರ್ ಅಂಕಿ 3,400 ಕಿ.ಮೀ. ಹೆಚ್ಚಿದೆ. ನೀವು ಯಾವ ದಿನ ಬೇಕಾದರೂ ಬಂದು ಪರಿಶೀಲಿಸಬಹುದು.’

ಇದರಲ್ಲಿ ಮೂರು ಸಂಗತಿ ಬಿಡಿಸಿ ಹೇಳಬೇಕು. ಮೊದಲನೆಯದು 1,45,000 ಎಂಬ ಅಂಕಿ. ಅದನ್ನು ನಾವು ಊಹೆಯಿಂದ ಬರೆದದ್ದಲ್ಲ. ಪರವಾನಗಿ ಪಡೆದ ಒಬ್ಬ ಮೋಟಾರು ಸರ್ವೇಯರಿಗೆ ಫೀಸು ಕೊಟ್ಟು ಗಾಡಿ ತೋರಿಸಿದೆವು. ಅಪಘಾತದ ವಿಷಯ ಹೇಳಿ ಮಾರಿದ್ದರೆ ಆ ದಿನ ಈ ಗಾಡಿಗೆ 3,95,000 ಸಿಗುತ್ತಿತ್ತು ಎಂದು ಅವರು ಕಾರಣ ಸಹಿತ ಬರೆದುಕೊಟ್ಟರು. ಕೊಟ್ಟ ಬೆಲೆಯಿಂದ ಅದನ್ನು ಕಳೆದರೆ 1,45,000. ಈಗಿನ ದೋಷ ಸರಿಪಡಿಸಲು 62,000 ಬೇಕು ಎಂದೂ ಅವರ ವರದಿಯಲ್ಲಿತ್ತು, ಅದನ್ನು ನಾವು ಕೂಡಿಸಿ ಕೇಳಲಿಲ್ಲ. ಗಾಡಿಯ ಕೆಟ್ಟ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದೇ ಬೆಲೆ ಇಳಿಸಿದ ಮೇಲೆ, ಅದೇ ಸ್ಥಿತಿಗೆ ರಿಪೇರಿ ಖರ್ಚನ್ನೂ ಕೇಳಿದರೆ ಒಂದೇ ನಷ್ಟಕ್ಕೆ ಎರಡು ಸಲ ಕೈ ಚಾಚಿದ ಹಾಗೆ. ಆಯೋಗದಲ್ಲಿ ಇಂಥದ್ದು ಇಡೀ ದೂರಿನ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ಎರಡನೆಯದು, ಎರಡು ಪರಿಹಾರಗಳನ್ನು ‘ಇದು, ಇಲ್ಲವಾದರೆ ಅದು’ ಎಂದು ಇಟ್ಟದ್ದು. ಕರಾರು ಕಾಯ್ದೆಯ 19ನೇ ಕಲಮು ವಂಚನೆಗೊಳಗಾದವನಿಗೆ ಎರಡೂ ದಾರಿ ತೆರೆದಿಟ್ಟಿದೆ. ಅವನು ಕರಾರನ್ನೇ ರದ್ದುಮಾಡಬಹುದು, ಇಲ್ಲವೇ ಕರಾರನ್ನು ಉಳಿಸಿಕೊಂಡು, ಹೇಳಿದ ಮಾತು ನಿಜವಾಗಿದ್ದರೆ ತಾನು ಎಲ್ಲಿರುತ್ತಿದ್ದೆನೋ ಅಲ್ಲಿಗೆ ತನ್ನನ್ನು ತಂದು ನಿಲ್ಲಿಸಿ ಎಂದು ಕೇಳಬಹುದು. ಬೆಲೆಯ ವ್ಯತ್ಯಾಸ ಎಂಬುದು ಈ ಎರಡನೆಯ ದಾರಿ. ಮೂರನೆಯದು ಗಾಡಿ ನಿಲ್ಲಿಸಿದ್ದು. ವಿಷಯ ಗೊತ್ತಾದ ಮೇಲೂ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿಸಿ, ಆಮೇಲೆ ಪೂರ್ತಿ ದುಡ್ಡು ವಾಪಸ್ ಕೊಡಿ ಎಂದರೆ, ಒಪ್ಪಿಕೊಂಡೇ ಬಳಸಿದಿರಲ್ಲ ಎಂಬ ಮಾತು ಬರುತ್ತದೆ. ದಿನವೂ ಗಾಡಿ ಬೇಕೇಬೇಕು ಎನ್ನುವವರು ಬೆಲೆಯ ವ್ಯತ್ಯಾಸವನ್ನಷ್ಟೇ ಕೇಳುವುದು ಮೇಲು. ಹುಡುಗ ಹತ್ತು ತಿಂಗಳು ಬಸ್ಸಿನಲ್ಲಿ ಕಾಲೇಜಿಗೆ ಹೋದ.

ಪತ್ರ ಸ್ಪೀಡ್ ಪೋಸ್ಟಿನಲ್ಲೂ ಇ-ಮೇಲಿನಲ್ಲೂ ಹೋಯಿತು. ಹನ್ನೆರಡನೇ ದಿನ ವಕೀಲರ ಮೂಲಕ ಉತ್ತರ ಬಂತು. ಗಾಡಿಯನ್ನು ‘ಇದ್ದ ಸ್ಥಿತಿಯಲ್ಲೇ’ ಕೊಂಡಿದ್ದಾಗಿ ಖರೀದಿದಾರರು ಡೆಲಿವರಿ ನೋಟಿನಲ್ಲಿ ಸಹಿ ಹಾಕಿದ್ದಾರೆ, ಟೆಸ್ಟ್ ಡ್ರೈವ್ ಮಾಡಿದ್ದಾರೆ, ಬೇಕಿದ್ದರೆ ಮೆಕ್ಯಾನಿಕ್‌ಗೆ ತೋರಿಸಬಹುದಿತ್ತು, ನಮ್ಮ ಕಕ್ಷಿದಾರರು ಬರೀ ಮಧ್ಯವರ್ತಿ. ಇಂಥ ವ್ಯವಹಾರಗಳಲ್ಲಿ ಹತ್ತಕ್ಕೆ ಒಂಬತ್ತು ಸಲ ಬರುವುದು ಇವೇ ಉತ್ತರಗಳು, ಹಾಗಾಗಿ ಅವುಗಳ ಮುಂದೆ ಸ್ವಲ್ಪ ನಿಲ್ಲಬೇಕು.

‘ಇದ್ದ ಸ್ಥಿತಿಯಲ್ಲೇ’ ಎಂಬ ಮಾತಿಗೆ ಬೆಲೆ ಇಲ್ಲವೆಂದಲ್ಲ. ಕ್ಲಚ್ ಸವೆದಿದೆ, ಬ್ಯಾಟರಿ ಕೈಕೊಟ್ಟಿತು ಎಂಬ ದೂರಿಗೆ ಅದು ಅಡ್ಡ ಬರುತ್ತದೆ, ಬರಬೇಕಾದದ್ದೇ. ಹಳೆಯ ಗಾಡಿ ಹಳೆಯದೇ ತಾನೆ. ಆದರೆ ಒಂದು ಕೈಯಲ್ಲಿ ಅಪಘಾತವೇ ಆಗಿಲ್ಲ ಎಂದು ಬರೆದುಕೊಟ್ಟು, ಇನ್ನೊಂದು ಕೈಯಲ್ಲಿ ಅಚ್ಚಾದ ಸಾಲಿಗೆ ಸಹಿ ಹಾಕಿಸಿಕೊಂಡರೆ ಆ ಸಾಲು ಸುಳ್ಳನ್ನು ತೊಳೆಯುವುದಿಲ್ಲ. ‘ಮೆಕ್ಯಾನಿಕ್‌ಗೆ ತೋರಿಸಬಹುದಿತ್ತು’ ಎಂಬ ಮಾತಿಗೆ ಕಾಯ್ದೆಯಲ್ಲೇ ಒಂದು ಬೇರು ಇದೆ. ಸಾಮಾನ್ಯ ಎಚ್ಚರದಿಂದ ನಿಜ ತಿಳಿಯುವ ಅವಕಾಶವಿದ್ದರೆ ಕರಾರು ರದ್ದಾಗದು ಎಂಬ ವಿನಾಯಿತಿ 19ನೇ ಕಲಮಿನಲ್ಲಿ ಇದೆ. ಆ ವಿನಾಯಿತಿ ಅನ್ವಯಿಸುವುದು ತಿಳಿಯದೆ ಆಡಿದ ತಪ್ಪು ಮಾತಿಗೆ ಮತ್ತು ವಂಚನೆ ಎನಿಸುವ ಮೌನಕ್ಕೆ. ಗೊತ್ತಿದ್ದೂ ಇಲ್ಲವೆಂದು ಬರೆದುಕೊಟ್ಟ ಸುಳ್ಳು ಅದರ ಆಶ್ರಯಕ್ಕೆ ಬರುವುದಿಲ್ಲ. ಏನೂ ಕೇಳದೆ ಕೊಂಡವನು ಮಾತ್ರ ಇಲ್ಲಿ ನಿಜವಾಗಿಯೂ ಸಿಕ್ಕಿಬೀಳುತ್ತಾನೆ. ಅಂಥವರ ದೂರುಗಳನ್ನು ಬರೆಯುವಾಗ ನನ್ನ ಕೈ ಭಾರವಾಗುತ್ತದೆ.

ಇನ್ನು ಮಧ್ಯವರ್ತಿ ಎಂಬ ವಾದ. ಹಳೆಯ ಗಾಡಿ ಮಾರುವ ಡೀಲರುಗಳು ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕು, ಮಾಲೀಕರು ಗಾಡಿ ಒಪ್ಪಿಸಿದ್ದನ್ನು ನಮೂನೆ 29ಸಿ ಮೂಲಕ ತಿಳಿಸಬೇಕು, ಗಾಡಿ ಅವರ ವಶದಲ್ಲಿರುವಾಗ ಅವರನ್ನೇ ಮಾಲೀಕರೆಂದು ಪರಿಗಣಿಸಬೇಕು ಎಂಬ ನಿಯಮಗಳು 2023ರ ಏಪ್ರಿಲ್ 1ರಿಂದ ಇವೆ. ಇವನು ಅದೊಂದನ್ನೂ ಮಾಡಿರಲಿಲ್ಲ. ಆದರೆ ಹಣ ಹೋದದ್ದು ಅವನ ಸಂಸ್ಥೆಯ ಖಾತೆಗೆ, ಬಿಲ್ಲು ಅವನ ಹೆಸರಿನದು. ಇದೇ ಗಾಡಿಯನ್ನು ಆ ನಿವೃತ್ತ ನೌಕರರಿಂದ ನೇರವಾಗಿ ಕೊಂಡಿದ್ದರೆ ವಿಷಯವೇ ಬೇರೆಯಾಗುತ್ತಿತ್ತು. ತನ್ನ ಸ್ವಂತ ಕಾರನ್ನು ಮಾರುವವರು ವ್ಯಾಪಾರಿಯಲ್ಲ, ಅವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಲು ಬರುವುದಿಲ್ಲ, ಸಿವಿಲ್ ಕೋರ್ಟೇ ಗತಿ.

ನವೆಂಬರ್‌ನಲ್ಲಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಿದೆವು. ಡೀಲರ್ ಇದ್ದದ್ದು ಬೆಂಗಳೂರಿನ ಹೊರವಲಯದಲ್ಲಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದ್ದರಿಂದ ತುಮಕೂರಿನಲ್ಲೇ ಹಾಕಿದೆವು. ಯಾವ ಆಯೋಗ ಎಂಬುದು ಕೇಳುವ ಪರಿಹಾರದ ಮೇಲಲ್ಲ, ಕೊಟ್ಟ ಬೆಲೆಯ ಮೇಲೆ ತೀರ್ಮಾನವಾಗುತ್ತದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಫೀಸು ಐದು ಲಕ್ಷದವರೆಗೆ ಇಲ್ಲ, ಐದರಿಂದ ಹತ್ತು ಲಕ್ಷಕ್ಕೆ 200 ರೂಪಾಯಿ. ನಾವು ಕಟ್ಟಿದ್ದು ಆ ಇನ್ನೂರು. ವಕೀಲರು ಇರಲೇಬೇಕೆಂದಿಲ್ಲ, ಹುಡುಗ ತಾನೇ ನಿಂತ. ಆಗ ಇ-ದಾಖಿಲ್ ಇತ್ತು, ಈಗ ಆನ್‌ಲೈನಿನಲ್ಲಿ ದೂರು ಕೊಡುವುದು ಇ-ಜಾಗೃತಿ ಜಾಲತಾಣದಲ್ಲಿ. ಎರಡು ವರ್ಷದೊಳಗೆ ಕೊಡಬೇಕು ಎಂಬುದನ್ನು ಮರೆಯುವಂತಿಲ್ಲ.

ದೂರಿನಲ್ಲಿ ಗಾಡಿ ಕೆಟ್ಟಿದೆ ಎಂಬುದನ್ನು ನಾವು ಮುಂದೆ ಮಾಡಲಿಲ್ಲ. ಹಾಗೆ ಮಾಡಿದ್ದರೆ ದೋಷ ಯಾವಾಗಿನದು, ಯಾರಿಂದ ಆದದ್ದು ಎಂಬ ಎಳೆದಾಟದಲ್ಲಿ, ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಾಲ ಹೋಗುತ್ತಿತ್ತು. ಡೀಲರಿನ ಗುಂಡಿಯ ವಾದಕ್ಕೂ ಬಾಗಿಲು ತೆರೆದಂತಾಗುತ್ತಿತ್ತು. ಗಾಡಿಯ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರಿದ್ದು ಅನುಚಿತ ವ್ಯಾಪಾರ ಪದ್ಧತಿ, ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ತಡೆಹಿಡಿದದ್ದು ಸೇವಾನ್ಯೂನತೆ. 2019ರ ಕಾಯ್ದೆಯಲ್ಲಿ ಈ ಎರಡಕ್ಕೂ ಜಾಗವಿದೆ. ಡೀಲರಿಗೆ ಗೊತ್ತಿತ್ತು ಎಂದು ತೋರಿಸಲು ಅವನು ಹಳೆಯ ಮಾಲೀಕರಿಗೆ ಎಷ್ಟು ಕೊಟ್ಟ ಎಂಬ ವೋಚರನ್ನು ಹಾಜರುಪಡಿಸಲು ಆದೇಶಿಸಿ ಎಂದು ಅರ್ಜಿ ಹಾಕಿದೆವು. ಅಪಘಾತ ಆಗಿಲ್ಲ ಎಂದು ನಂಬಿದ್ದ ಗಾಡಿಗೆ ಯಾರೂ ಅಷ್ಟು ಕಡಿಮೆ ಕೊಡುವುದಿಲ್ಲವಲ್ಲ. ಮುಖ್ಯ ಬೇಡಿಕೆಗಳ ಜೊತೆಗೆ ಮಾನಸಿಕ ವೇದನೆಗೆ 25,000, ವೆಚ್ಚಕ್ಕೆ 10,000 ಕೇಳಿದೆವು. ಐದು ಲಕ್ಷದ ಗಾಡಿಗೆ ಹತ್ತು ಲಕ್ಷ ವೇದನೆ ಕೇಳುವವರನ್ನು ನೋಡಿದ್ದೇನೆ, ಅವರಿಗೆ ಅದು ದಕ್ಕಿದ್ದನ್ನು ನೋಡಿಲ್ಲ.

ನೋಟಿಸು ತಲುಪಿದ ಮೇಲೆ ಉತ್ತರ ಕೊಡಲು ಎದುರುದಾರನಿಗೆ 30 ದಿನ, ಕೇಳಿಕೊಂಡರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಮ್ಮ ಡೀಲರ್ ನಲವತ್ತನಾಲ್ಕನೇ ದಿನ ಉತ್ತರ ಹಾಕಿದ. ಪರೀಕ್ಷೆ ಬೇಡದ ದೂರುಗಳನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ನಡೆಯುವುದು ಅದಕ್ಕಿಂತ ನಿಧಾನವಾಗಿ. ವೋಚರಿನ ಅರ್ಜಿಯ ಮೇಲೆ ವಿಚಾರಣೆ ಇದ್ದ ದಿನ ಅವನ ಕಡೆಯಿಂದ ರಾಜಿಯ ಮಾತು ಬಂತು. ಇಬ್ಬರ ಲಿಖಿತ ಒಪ್ಪಿಗೆ ಇದ್ದರೆ ಆಯೋಗವೇ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸುತ್ತದೆ. ಎರಡು ಸಲ ಕೂತರು. 2024ರ ಜುಲೈನಲ್ಲಿ ಡೀಲರ್ ಗಾಡಿ ಹಿಂದಕ್ಕೆ ಪಡೆದು 5,15,000 ಕೊಟ್ಟ. ಬಳಸಿದ ಮೂರು ಸಾವಿರ ಚಿಲ್ಲರೆ ಕಿಲೋಮೀಟರಿಗೆ ಇಪ್ಪತ್ತೈದು ಸಾವಿರ ಬಿಟ್ಟದ್ದು ಹೆಚ್ಚಾಯಿತು ಎಂದು ನನ್ನ ಅಣ್ಣ ಇಂದಿಗೂ ಹೇಳುತ್ತಾನೆ. ಆದೇಶಕ್ಕೆ ಕಾದು, ಅದರ ಮೇಲೆ ರಾಜ್ಯ ಆಯೋಗದಲ್ಲಿ ಮೇಲ್ಮನವಿ ಎದುರಿಸುವುದಕ್ಕಿಂತ ಇದೇ ವಾಸಿ ಎಂದು ನನಗೆ ಅನ್ನಿಸಿತ್ತು, ಈಗಲೂ ಹಾಗೇ ಅನ್ನಿಸುತ್ತದೆ.

ಆ ವರ್ಷದ ದಸರಾ ಹೊತ್ತಿಗೆ ಹುಡುಗ ಇನ್ನೊಂದು ಕಾರು ನೋಡಿದ, ಬೇರೆ ಡೀಲರ್ ಹತ್ತಿರ. ಪಾಲಿಸಿಯಲ್ಲಿ ಬೋನಸ್ 35 ಇತ್ತು, ಬೋಲ್ಟ್‌ಗಳ ತಲೆ ಸರಿಯಾಗಿತ್ತು. ಆದರೂ ರಾತ್ರಿ ಅದೇ ಪ್ರಶ್ನೆಯನ್ನು ಬರೆದು ಕಳಿಸಿ, ನನಗೂ ತೋರಿಸಿದ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಹಿಂದಿನ ಎಡ ಡೋರ್ ಒಂದ್ಸಲ ಗೇಟಿಗೆ ತಾಗಿದೆ ಸರ್, ಟಿಂಕರಿಂಗ್ ಮಾಡ್ಸಿ ಪೇಂಟ್ ಹೊಡ್ಸಿದೀವಿ. ಬಿಲ್ ಕಳಿಸ್ತೀನಿ ನೋಡಿ.’ ಕೆಳಗೆ ಹನ್ನೊಂದು ಸಾವಿರದ ಬಿಲ್ಲಿನ ಫೋಟೊ ಇತ್ತು. ಮಾರನೆಯ ಬೆಳಿಗ್ಗೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದ.